ಮದುವೆಯ ಫೂಟೇಜ್ ಅಳಿಸಿಹೋದಾಗ ಮನೆಯವರಿಗೆ ಬರೆಯುವುದು ಹೇಗೆ

ಧಾರೆ ಚಿತ್ರೀಕರಿಸಿದ ಕಾರ್ಡ್ ಖಾಲಿಯಾಗಿದೆ ಎಂದು ಗೊತ್ತಾದ ಕೂಡಲೇ ವಿಡಿಯೊಗ್ರಾಫರ್ ಮುಂದೆ ಎರಡು ಕೆಲಸಗಳು ಬಂದು ನಿಲ್ಲುತ್ತವೆ. ಒಂದು, ಕಾರ್ಡ್‌ನಲ್ಲಿ ಉಳಿದಿರುವುದನ್ನು ಹೊರತೆಗೆಯುವುದು. ಇನ್ನೊಂದು, ಮದುವೆ ಮನೆಯವರಿಗೆ ವಿಷಯ ತಿಳಿಸುವುದು. ಮೊದಲನೆಯದು ಮುಗಿಯಲಿ, ಎಲ್ಲವೂ ಸಿಕ್ಕಿಬಿಟ್ಟರೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ಬಹಳ ಜನ ಎರಡನೆಯದನ್ನು ಮುಂದೂಡುತ್ತಾರೆ. ಈ ಲೆಕ್ಕಾಚಾರದಲ್ಲಿ ದೊಡ್ಡ ನಷ್ಟವಿದೆ. ಧಾರೆಯ ಹೊತ್ತಿಗೆ ಮಂಟಪದ ಸುತ್ತ ನಿಂತು ಮೊಬೈಲ್‌ನಲ್ಲಿ ಚಿತ್ರೀಕರಿಸಿದ ಸೋದರತ್ತೆ, ಭಾವ, ಗೆಳತಿಯರ ಬಳಿ ಅದೇ ಕ್ಷಣಗಳು ಇರುತ್ತವೆ. ಫೋನಿನಲ್ಲಿ ಜಾಗ ಸಾಲದೆ ಅವರು ಒಂದೊಂದೇ ವಿಡಿಯೊ ಅಳಿಸುತ್ತಾ ಹೋಗುತ್ತಾರೆ. ಅವುಗಳನ್ನು ಉಳಿಸಿಕೊಳ್ಳಲು ಮನೆಯವರಿಂದ ಮಾತ್ರ ಸಾಧ್ಯ, ಅವರಿಗೆ ವಿಷಯ ಗೊತ್ತಿದ್ದರೆ. ಹಾಗಾಗಿ ಮನೆಯವರಿಗೆ ಬರೆಯುವ ಸಂದೇಶವೂ ರಿಕವರಿಯ ಒಂದು ಹಂತವೇ, ಅದೂ ಮೊದಲ ಹಂತಗಳಲ್ಲಿ ಒಂದು.

ಎಲ್ಲವನ್ನೂ ಒಂದು ಉದಾಹರಣೆಯ ಮೂಲಕವೇ ನೋಡೋಣ. ಭಾನುವಾರ ಬೆಳಿಗ್ಗೆ ಧಾರೆ, ಸಂಜೆ ಅದೇ ಛತ್ರದಲ್ಲಿ ಆರತಕ್ಷತೆ. ಎರಡು ಕ್ಯಾಮೆರಾಗಳು ಕೆಲಸ ಮಾಡಿವೆ. ಒಂದು ಸಭಾಂಗಣದ ನಡುವಿನಿಂದ ಇಡೀ ಮಂಟಪವನ್ನು ದೂರದಿಂದ ಹಿಡಿದಿದೆ, ಇನ್ನೊಂದು ಮಂಟಪದ ಪಕ್ಕದಲ್ಲೇ ಇದ್ದು ಮುಖಗಳನ್ನೂ ಕೈಗಳನ್ನೂ ಹತ್ತಿರದಿಂದ ಹಿಡಿದಿದೆ. ಹತ್ತಿರದ ಕ್ಯಾಮೆರಾದ 128 ಜಿಬಿ ಕಾರ್ಡ್‌ನಲ್ಲಿ ವರಪೂಜೆಯಿಂದ ಸಪ್ತಪದಿಯವರೆಗೆ ಒಟ್ಟು 1 ಗಂಟೆ 50 ನಿಮಿಷದ ಚಿತ್ರೀಕರಣವಿತ್ತು. ಸಂಜೆಯ ಗಡಿಬಿಡಿಯಲ್ಲಿ ಅದನ್ನು ಖಾಲಿ ಕಾರ್ಡ್ ಎಂದುಕೊಂಡು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಆರತಕ್ಷತೆಯ 25 ನಿಮಿಷ ಅದರ ಮೇಲೆ ಚಿತ್ರೀಕರಿಸಲಾಗಿದೆ. ರಾತ್ರಿ ಕಂಪ್ಯೂಟರಿಗೆ ನಕಲು ಮಾಡುವಾಗ ವಿಷಯ ಬಯಲಾಗಿದೆ.

ಬರೆಯುವ ಮೊದಲು: ಕಾರ್ಡ್ ಮತ್ತು ಲೆಕ್ಕ

ಮೊದಲು ಕಾರ್ಡ್ ಅನ್ನು ಕ್ಯಾಮೆರಾದಿಂದ ತೆಗೆದು, ಅದರ ಅಂಚಿನಲ್ಲಿರುವ ಪುಟ್ಟ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ. ಆಮೇಲೆ ಅದರ ಮೇಲೆ ಒಂದು ಕ್ಷಣವನ್ನೂ ಚಿತ್ರೀಕರಿಸಬಾರದು. ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಯಾವ ಫೈಲ್ ಎಲ್ಲಿದೆ ಎಂದು ಹೇಳುವ ಪಟ್ಟಿ ಮಾತ್ರ. ದೃಶ್ಯಗಳು ಅಲ್ಲೇ ಇರುತ್ತವೆ, ಹೊಸದೇನಾದರೂ ಅವುಗಳ ಮೇಲೆ ಬಂದು ಕೂರುವವರೆಗೆ. ಇದಕ್ಕೆ ಅಪವಾದಗಳೂ ಇವೆ. ಕೆಲವು ಕ್ಯಾಮೆರಾಗಳಲ್ಲಿ ಕಾರ್ಡ್ ಅನ್ನು ಪೂರ್ತಿ ತೊಳೆದುಹಾಕುವ ಆಳವಾದ ಫಾರ್ಮ್ಯಾಟ್ ಆಯ್ಕೆ ಇರುತ್ತದೆ, ಅದನ್ನು ಒತ್ತಿದ್ದರೆ ಆಸೆ ತೀರಾ ಕಡಿಮೆ. ಯಾವುದನ್ನು ಒತ್ತಲಾಯಿತು ಎಂದು ಚಿತ್ರೀಕರಿಸಿದವರನ್ನು ಆಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಕಾರ್ಡ್ ಹಾಳಾಗಿದ್ದ ಪಕ್ಷದಲ್ಲಿ, ಅದನ್ನು ಕಂಪ್ಯೂಟರಿಗೆ ಹಾಕಿದಾಗ ವಿಂಡೋಸ್ "You need to format the disk in drive E: before you can use it." ಎಂದು ಕೇಳಬಹುದು. Cancel ಒತ್ತಿ. ಡಿಸ್ಕ್ ರಿಪೇರಿ ಮಾಡುವ ಸೌಲಭ್ಯಗಳನ್ನೂ ಈಗ ಮುಟ್ಟಬೇಡಿ, ಅವು ಕಾರ್ಡ್ ಮೇಲೆಯೇ ಬರೆಯುತ್ತವೆ. ಮೊದಲು ಇಡೀ ಕಾರ್ಡ್‌ನ ಯಥಾವತ್ ಪ್ರತಿಯೊಂದನ್ನು ಹಾರ್ಡ್ ಡಿಸ್ಕ್‌ಗೆ ತೆಗೆದುಕೊಳ್ಳಬೇಕು. ಲಿನಕ್ಸ್‌ನಲ್ಲಿ ಅದು ಹೀಗೆ:

```
lsblk
sudo ddrescue -d -r3 /dev/sdX card.img card.map
```

ಮೊದಲ ಸಾಲು ಕಾರ್ಡ್ ಯಾವ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. sdX ಇರುವ ಕಡೆ ಆ ಹೆಸರನ್ನು ಹಾಕಿ, ಗಾತ್ರ ನೋಡಿ ಎರಡು ಸಲ ಖಾತ್ರಿ ಮಾಡಿಕೊಳ್ಳಿ. 128 ಜಿಬಿ ಪೂರ್ತಿ ಹಿಡಿಸುವಷ್ಟು ಜಾಗ ಡಿಸ್ಕ್‌ನಲ್ಲಿ ಇರಬೇಕು. ಇನ್ನು ಮುಂದೆ ಎಲ್ಲ ಹುಡುಕಾಟವೂ ಈ ಪ್ರತಿಯ ಮೇಲೆಯೇ ನಡೆಯಲಿ. ಮೂಲ ಕಾರ್ಡ್ ತನ್ನ ಡಬ್ಬಿ ಸೇರಲಿ.

ಈಗ ಸಂದೇಶಕ್ಕೆ ಬೇಕಾದ ಲೆಕ್ಕ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 4ಕೆ ಚಿತ್ರೀಕರಿಸಿದರೆ ಗಂಟೆಗೆ ಸುಮಾರು 45 ಜಿಬಿ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ ಬೆಳಗಿನ 1 ಗಂಟೆ 50 ನಿಮಿಷ ಸುಮಾರು 82 ಜಿಬಿ, ಸಂಜೆಯ 25 ನಿಮಿಷ ಸುಮಾರು 19 ಜಿಬಿ. ಫಾರ್ಮ್ಯಾಟ್ ಆದ ಕಾರ್ಡ್‌ನಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಆರಂಭದ ಜಾಗದಿಂದಲೇ ಬರೆಯುತ್ತದೆ. ಅಂದರೆ ಸಂಜೆಯ ದೃಶ್ಯಗಳು ಕುಳಿತಿರುವುದು ಬೆಳಗಿನ ಮೊದಲ 25 ನಿಮಿಷಗಳ ಮೇಲೆ. ಆ ಹೊತ್ತಿನಲ್ಲಿ ಏನು ನಡೆದಿತ್ತು ಎಂದು ಇನ್ನೊಂದು ಕ್ಯಾಮೆರಾದ ಫೂಟೇಜ್ ನೋಡಿದರೆ ತಿಳಿಯುತ್ತದೆ: ವರಪೂಜೆ ಮತ್ತು ಕಾಶಿಯಾತ್ರೆ. ಅದು ಹೋಯಿತು, ಯಾವ ಲ್ಯಾಬ್‌ನಿಂದಲೂ ಮರಳಿ ಬಾರದು. ಅಂತರಪಟ ಸರಿದ ಮೇಲಿನದು, ಅಂದರೆ ಜೀರಿಗೆ ಬೆಲ್ಲ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಕಾರ್ಡ್‌ನಲ್ಲಿ ಇನ್ನೂ ಇರುವ ಸಾಧ್ಯತೆ ಚೆನ್ನಾಗಿದೆ. "ಸ್ವಲ್ಪ ಫೂಟೇಜ್ ಹೋಗಿದೆ" ಎಂದು ಬರೆಯುವುದಕ್ಕೂ ಇಷ್ಟು ಖಚಿತವಾಗಿ ಬರೆಯುವುದಕ್ಕೂ ಓದುವವರ ಮನಸ್ಸಿನಲ್ಲಿ ಅಜಗಜಾಂತರ. ಸ್ವಲ್ಪ ಎಂದು ಓದಿದ ತಾಯಿ ಮೊದಲು ನೆನೆಯುವುದು ತಾಳಿ ಕಟ್ಟಿದ ಗಳಿಗೆಯನ್ನೇ.

ಮೊದಲು ಫೋನ್, ಆಮೇಲೆ ಬರಹ

ಇಂಥ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ತಾನಾಗಿ ಬಂದು ಬೀಳಬಾರದು. ಕೆಲಸ ಒಪ್ಪಿಸಿದವರಿಗೆ, ನಮ್ಮ ಕಡೆ ಬಹುಮಟ್ಟಿಗೆ ಹುಡುಗಿಯ ತಂದೆಗೋ ಅಣ್ಣನಿಗೋ, ಮೊದಲು ಫೋನ್ ಮಾಡಿ. ಬೀಗರ ಔತಣವೋ ಸತ್ಯನಾರಾಯಣ ಪೂಜೆಯೋ ಇನ್ನೂ ಬಾಕಿ ಇದ್ದರೆ, ಅದು ಮುಗಿಯಲಿ ಎಂದು ದಿನಗಟ್ಟಲೆ ಕಾಯುವುದು ಬೇಡ. ಗಡಿಬಿಡಿಯಿಲ್ಲದ ಹೊತ್ತು ನೋಡಿ ಆ ಒಬ್ಬರಿಗೆ ಮಾತ್ರ ಹೇಳಿ. ಮದುಮಕ್ಕಳಿಗೆ ಯಾವಾಗ, ಯಾರು ತಿಳಿಸಬೇಕು ಎಂಬುದನ್ನು ಅವರ ತೀರ್ಮಾನಕ್ಕೆ ಬಿಡಿ. ಮದುವೆ ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ನೀವಿದ್ದರೂ ಅಲ್ಲಿ ಈ ವಿಷಯ ಎತ್ತಬೇಡಿ.

ಫೋನಿನಲ್ಲಿ ಅವರು ಬೈಯಬಹುದು. ಬೈಯಲಿ, ಆ ಹಕ್ಕು ಅವರಿಗಿದೆ. ನಡುವೆ ಬಾಯಿ ಹಾಕಿ ಕಾರ್ಡ್‌ನ ತಾಂತ್ರಿಕ ವಿವರಗಳನ್ನು ಹೇಳಲು ಹೋಗಬಾರದು. ವಿವರಗಳಿಗೆಂದೇ ಬರಹವಿದೆ. ಕರೆ ಮುಗಿದ ಅರ್ಧ ಗಂಟೆಯೊಳಗೆ ಅದು ಅವರ ಕೈಸೇರಲಿ. ನಮ್ಮ ಉದಾಹರಣೆಗೆ ಅದು ಹೀಗಿರಬಹುದು:

> ನಮಸ್ಕಾರ ಸರ್. ಫೋನಿನಲ್ಲಿ ಹೇಳಿದ ವಿಷಯ ನಿಮ್ಮ ಬಳಿ ಬರಹದಲ್ಲೂ ಇರಲಿ ಎಂದು ಕಳುಹಿಸುತ್ತಿದ್ದೇನೆ.
>
> ಭಾನುವಾರ ಬೆಳಿಗ್ಗೆ ಮಂಟಪದ ಪಕ್ಕದಲ್ಲಿದ್ದ ಕ್ಯಾಮೆರಾದ ಚಿತ್ರೀಕರಣ ಅಳಿಸಿಹೋಗಿದೆ. ವರಪೂಜೆಯಿಂದ ಸಪ್ತಪದಿಯವರೆಗಿನ 1 ಗಂಟೆ 50 ನಿಮಿಷದ ದೃಶ್ಯಗಳು ಅದರಲ್ಲಿದ್ದವು. ಅವುಗಳನ್ನು ಕಂಪ್ಯೂಟರಿಗೆ ನಕಲು ಮಾಡುವ ಮೊದಲೇ ಸಂಜೆ ಅದೇ ಕಾರ್ಡ್ ಅನ್ನು ಅಳಿಸಿ ಮತ್ತೆ ಬಳಸಿದ್ದೇವೆ. ಇದು ನಮ್ಮ ತಂಡದಿಂದ ಆದ ತಪ್ಪು. ನಿಮ್ಮಲ್ಲಿಯೂ ನಿಮ್ಮ ಮನೆಯವರಲ್ಲಿಯೂ ಕ್ಷಮೆ ಕೇಳುತ್ತೇನೆ.
>
> ಸಭಾಂಗಣದಿಂದ ತೆಗೆದ ಇಡೀ ಮದುವೆಯ ಚಿತ್ರೀಕರಣ, ಆರತಕ್ಷತೆ, ಎಲ್ಲ ಫೋಟೊಗಳು ಸುರಕ್ಷಿತವಾಗಿವೆ. ಮಾಂಗಲ್ಯಧಾರಣೆ ಅದರಲ್ಲಿ ಪೂರ್ತಿ ಇದೆ, ಆದರೆ ದೂರದಿಂದ ತೆಗೆದದ್ದು. ಅಳಿಸಿಹೋದದ್ದು ಹತ್ತಿರದ ದೃಶ್ಯಗಳು.
>
> ವರಪೂಜೆ ಮತ್ತು ಕಾಶಿಯಾತ್ರೆಯ ಹತ್ತಿರದ ದೃಶ್ಯಗಳು ಮರಳಿ ಸಿಗುವ ಸಾಧ್ಯತೆ ಇಲ್ಲ. ಅಲ್ಲಿಂದ ಮುಂದಿನವು ಸಿಗಬಹುದು, ಆದರೆ ಎಷ್ಟು ಎಂದು ಈಗ ಮಾತು ಕೊಡಲಾರೆ. ಕಾರ್ಡ್ ಬಳಸುವುದನ್ನು ನಿಲ್ಲಿಸಿ ಅದರ ಪ್ರತಿ ತೆಗೆದಿದ್ದೇವೆ, ಹುಡುಕುವ ಕೆಲಸ ಶುರುವಾಗಿದೆ. ಗುರುವಾರ ಸಂಜೆಯೊಳಗೆ, ಏನು ಸಿಕ್ಕರೂ ಸಿಗದಿದ್ದರೂ, ನಾನೇ ಫೋನ್ ಮಾಡಿ ತಿಳಿಸುತ್ತೇನೆ.
>
> ನಿಮ್ಮಿಂದ ಎರಡು ಸಹಾಯ ಬೇಕು. ಮಂಟಪದ ಹತ್ತಿರ ಇದ್ದ ಬಂಧುಗಳು ಮೊಬೈಲ್‌ನಲ್ಲಿ ತೆಗೆದ ವಿಡಿಯೊಗಳನ್ನು ಅಳಿಸದೆ ಇಟ್ಟುಕೊಳ್ಳಲು ದಯವಿಟ್ಟು ಹೇಳಿ, ಅವುಗಳನ್ನು ತೆಗೆದುಕೊಳ್ಳುವ ಏರ್ಪಾಡು ನಾನು ಮಾಡುತ್ತೇನೆ. ಎರಡನೆಯದಾಗಿ, ನಮ್ಮಿಂದ ಆಗದಿದ್ದರೆ ಕಾರ್ಡ್ ಅನ್ನು ಬೆಂಗಳೂರಿನ ರಿಕವರಿ ಲ್ಯಾಬ್ ಒಂದಕ್ಕೆ ಕೊಡಬೇಕಾಗಬಹುದು. ಅದರಲ್ಲಿ ನಿಮ್ಮ ಮನೆಯ ದೃಶ್ಯಗಳಿರುವುದರಿಂದ ನಿಮ್ಮ ಒಪ್ಪಿಗೆ ಇಲ್ಲದೆ ಕೊಡುವುದಿಲ್ಲ. ಖರ್ಚೆಲ್ಲ ನಮ್ಮದು.
>
> ಉಳಿದ ಹಣವನ್ನು ಈಗ ಕೊಡುವುದು ಬೇಡ. ಏನು ಸಿಕ್ಕಿತು ಎಂದು ಗೊತ್ತಾದ ಮೇಲೆ ನಿಮ್ಮ ಜೊತೆ ಕುಳಿತು ಮಾತನಾಡುತ್ತೇನೆ.

ಈ ಸಂದೇಶದಲ್ಲಿ ಕೆಲವು ಕಡೆ ಕೈ ತಪ್ಪುವುದು ಸುಲಭ. ಎರಡನೇ ಭಾಗದ ಮೊದಲ ವಾಕ್ಯದಲ್ಲೇ ಕೆಟ್ಟ ಸುದ್ದಿ ಇದೆ, ಅದನ್ನು ಮೂರು ಸಾಲು ಪೀಠಿಕೆಯ ಹಿಂದೆ ಅಡಗಿಸಬೇಡಿ. "ತಾಂತ್ರಿಕ ತೊಂದರೆಯಿಂದ" ಎಂಬ ಮಾತನ್ನು ಬಳಸಬೇಡಿ. ಕಾರ್ಡ್ ನಿಜವಾಗಿಯೂ ಕೆಟ್ಟಿದ್ದರೆ ಹಾಗೆಂದೇ ಹೇಳಿ, ಫಾರ್ಮ್ಯಾಟ್ ಮಾಡಿದ್ದರೆ ಅದನ್ನೇ ಹೇಳಿ. ಮುಂದೆ ಲ್ಯಾಬ್‌ನ ವರದಿಯಲ್ಲಿ ಸತ್ಯ ಹೇಗೂ ಹೊರಬರುತ್ತದೆ. "ನಮ್ಮ ಹುಡುಗ ತಿಳಿಯದೆ ಮಾಡಿಬಿಟ್ಟ" ಎಂದು ಸಹಾಯಕನ ಮೇಲೆ ಹಾಕುವುದು ಮನೆಯವರಿಗೆ ಬೇಡದ ಮಾತು, ಅವರು ಕೆಲಸ ಕೊಟ್ಟದ್ದು ನಿಮಗೆ. "ಖಂಡಿತ ಸಿಗುತ್ತದೆ, ಚಿಂತೆ ಮಾಡಬೇಡಿ" ಎಂಬುದು ಎಲ್ಲಕ್ಕಿಂತ ಅಪಾಯದ ವಾಕ್ಯ. ಆ ಕ್ಷಣಕ್ಕೆ ಅವರಿಗೂ ನಿಮಗೂ ಹಾಯೆನಿಸುತ್ತದೆ, ಸಿಗದೇ ಹೋದ ದಿನ ಅದೇ ಮಾತು ಎರಡನೇ ವಂಚನೆಯಾಗಿ ಕಾಣುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ತಾಳಿ ಕಟ್ಟುವ ದೃಶ್ಯವನ್ನು ಇನ್ನೊಮ್ಮೆ ಮಾಡಿಸಿ ಚಿತ್ರೀಕರಿಸಿಕೊಡುತ್ತೇವೆ ಎಂದು ನೀವಾಗಿ ಬರೆಯಬೇಡಿ. ಅನೇಕ ಮನೆಗಳಲ್ಲಿ ಅದು ಅಶುಭದ ಮಾತು, ನೊಂದವರಿಗೆ ಮತ್ತೆ ನೋವು ಕೊಡುತ್ತದೆ. ಅವರೇ ಕೇಳಿದರೆ ಮಾತು ಬೇರೆ.

ಕಾನೂನಿನ ದೃಷ್ಟಿಯಿಂದ ನೋಡಿದರೂ ಮುಚ್ಚಿಡುವುದರಲ್ಲಿ ಲಾಭವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವಾ ನ್ಯೂನತೆಯನ್ನು ವಿವರಿಸುವಾಗ, ಗ್ರಾಹಕರಿಂದ ಅಗತ್ಯ ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದನ್ನೂ ಸೇರಿಸಲಾಗಿದೆ. ಕಾರ್ಡ್ ಅಳಿಸಿದ್ದು ಅಚಾತುರ್ಯವಿರಬಹುದು, ತಿಂಗಳುಗಟ್ಟಲೆ "ಎಡಿಟಿಂಗ್ ನಡೆಯುತ್ತಿದೆ" ಎಂದು ಹೇಳುತ್ತಾ ಬಂದದ್ದು ಅಚಾತುರ್ಯ ಆಗುವುದಿಲ್ಲ.

ಬಂಧುಗಳ ಫೋನ್‌ನಿಂದ ತರುವುದು

ಮನೆಯವರು ಒಪ್ಪಿದ ಮೇಲೆ, ಅವರು ಹಾಗೆಯೇ ಮುಂದಕ್ಕೆ ಕಳುಹಿಸಬಹುದಾದ ಚಿಕ್ಕ ಒಕ್ಕಣೆಯೊಂದನ್ನು ನೀವೇ ಬರೆದುಕೊಡಿ. ಅದರಲ್ಲಿ ಫೂಟೇಜ್ ಹೋದ ಕಥೆ ಬೇಡ. "ಮದುವೆಯ ವಿಡಿಯೊಗೆ ಬಂಧುಗಳು ತೆಗೆದ ದೃಶ್ಯಗಳನ್ನೂ ಸೇರಿಸುತ್ತಿದ್ದೇವೆ, ಭಾನುವಾರ ಬೆಳಗಿನ ವಿಡಿಯೊಗಳನ್ನು ದಯವಿಟ್ಟು ಅಳಿಸಬೇಡಿ" ಎಂದಿದ್ದರೆ ಸಾಕು. ಇದು ಸುಳ್ಳೂ ಅಲ್ಲ, ಊರಿಗೆಲ್ಲ ಸಾರಿದಂತೆಯೂ ಆಗುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳುಹಿಸಿದರೆ ಅದು ಗುಣಮಟ್ಟವನ್ನು ಕುಗ್ಗಿಸಿಬಿಡುತ್ತದೆ, ಎಡಿಟಿಂಗ್ ಹೊತ್ತಿಗೆ ಮುಖಗಳು ಕಲಸಿಹೋಗಿರುತ್ತವೆ. ಅದೇ ಫೈಲ್ ಅನ್ನು "ಡಾಕ್ಯುಮೆಂಟ್" ಆಯ್ಕೆಯಲ್ಲಿ ಕಳುಹಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಗೂಗಲ್ ಡ್ರೈವ್ ಕೊಂಡಿಯನ್ನೂ ಕೊಡಿ. ಆದರೆ ವಯಸ್ಸಾದವರಿಗೆ ಎರಡೂ ಕಷ್ಟ. ಮಂಟಪದ ಪಕ್ಕದಲ್ಲೇ ನಿಂತಿದ್ದವರು ಮೂರು ನಾಲ್ಕು ಮಂದಿ ಮಾತ್ರವಾದರೆ, ಅವರ ಮನೆಗೇ ಹೋಗಿ ಕೇಬಲ್ ಹಾಕಿ ನಕಲು ಮಾಡಿಕೊಂಡು ಬರುವುದು ಒಳ್ಳೆಯದು. ಯಾರು ಅಲ್ಲಿ ನಿಂತಿದ್ದರು ಎಂದು ಊಹಿಸಬೇಕಿಲ್ಲ. ದೂರದ ಕ್ಯಾಮೆರಾದ ಫೂಟೇಜ್ ಅನ್ನು ನಿಧಾನವಾಗಿ ನೋಡಿ, ಗಟ್ಟಿಮೇಳದ ಹೊತ್ತಿಗೆ ಕೈ ಮೇಲೆತ್ತಿ ಫೋನ್ ಹಿಡಿದಿರುವವರ ಚಿತ್ರ ತೆಗೆದು ಮನೆಯವರಿಗೆ ತೋರಿಸಿದರೆ ಹೆಸರುಗಳು ತಾವಾಗಿ ಬರುತ್ತವೆ.

ಛತ್ರದಲ್ಲಿ ಎಲ್ಇಡಿ ಪರದೆ ಇತ್ತೇ, ಯೂಟ್ಯೂಬ್ ನೇರಪ್ರಸಾರ ಇತ್ತೇ ಎಂದೂ ನೋಡಿ. ನೇರಪ್ರಸಾರ 12 ಗಂಟೆಯೊಳಗಿನದಾಗಿದ್ದರೆ ಯೂಟ್ಯೂಬ್ ಅದನ್ನು ಚಾನೆಲ್‌ನಲ್ಲೇ ಉಳಿಸಿಕೊಳ್ಳುತ್ತದೆ. ಅದಕ್ಕಿಂತ ಉತ್ತಮ, ಪ್ರಸಾರ ಮಾಡಿದವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರೆ ಆ ಫೈಲ್. ಮುಂದಿನ ಮದುವೆಗೆ ಜಾಗ ಮಾಡಲು ಅವರೂ ಅದನ್ನು ಅಳಿಸುತ್ತಾರೆ, ಆದ್ದರಿಂದ ಅಂದೇ ಕೇಳಿ.

ಹುಡುಕಾಟ ಮತ್ತು ನಡುವಿನ ಸಂದೇಶ

ತೆಗೆದಿಟ್ಟ ಪ್ರತಿಯ ಮೇಲೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶವನ್ನು ಓಡಿಸಿದರೆ, ಅದು ಹಳೆಯ ಪಟ್ಟಿಯನ್ನು ಲೆಕ್ಕಿಸದೆ ವಿಡಿಯೊ ಫೈಲ್‌ಗಳ ಗುರುತು ಹಿಡಿದು ಹೊರತೆಗೆಯುತ್ತದೆ. ಸಿಕ್ಕವು `recup_dir.1` ಎಂಬ ಫೋಲ್ಡರ್‌ನಲ್ಲಿ `f` ಅಕ್ಷರದಿಂದ ಶುರುವಾಗುವ ಉದ್ದನೆಯ ಸಂಖ್ಯೆಯ ಹೆಸರಿನೊಂದಿಗೆ ಬರುತ್ತವೆ, ಮೂಲ ಹೆಸರು ಉಳಿದಿರುವುದಿಲ್ಲ. ಕ್ರಮವನ್ನು ದೂರದ ಕ್ಯಾಮೆರಾದ ವಾಲಗ ಮತ್ತು ಮಂತ್ರದ ಧ್ವನಿಗೆ ಹೊಂದಿಸಿ ನೀವೇ ಜೋಡಿಸಬೇಕು.

ಇಲ್ಲಿ ಆತುರಪಟ್ಟು "ಎಲ್ಲ ಸಿಕ್ಕಿತು" ಎಂದು ಬರೆದು ಸಿಕ್ಕಿಬೀಳುವವರು ಬಹಳ. ಫೋಲ್ಡರ್‌ನಲ್ಲಿ ಫೈಲ್ ಕಂಡ ಮಾತ್ರಕ್ಕೆ ಅದು ಓಡುತ್ತದೆ ಎಂದಲ್ಲ. ಮೊದಲ ಹತ್ತು ಸೆಕೆಂಡು ಚೆನ್ನಾಗಿ ಓಡಿ ಆಮೇಲೆ ಪರದೆ ಬೂದು ಚೌಕಗಳಾಗಬಹುದು, ಧಾರೆಯ ನಡುವೆ ಆರತಕ್ಷತೆಯ ತುಣುಕು ಇಣುಕಬಹುದು. ಕ್ಯಾಮೆರಾ ಏಕಕಾಲದಲ್ಲಿ ಚಿಕ್ಕ ಪ್ರಾಕ್ಸಿ ಫೈಲ್ ಅನ್ನೂ ಬರೆಯುತ್ತಿದ್ದರೆ ದೊಡ್ಡ ಫೈಲ್ ಕಾರ್ಡ್‌ನಲ್ಲಿ ತುಂಡುತುಂಡಾಗಿ ಹಂಚಿಹೋಗಿರುತ್ತದೆ. ಅಂಥದ್ದನ್ನು ಜೋಡಿಸುವುದು ಉಚಿತ ತಂತ್ರಾಂಶದ ಕೈಯಲ್ಲಿ ಆಗುವುದಿಲ್ಲ. ಹಾಗಾಗಿ ಪ್ರತಿ ಕ್ಲಿಪ್ ಅನ್ನೂ ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದ ಮೇಲೆಯೇ ನಿಮಿಷಗಳ ಲೆಕ್ಕ ಬರೆಯಿರಿ.

ತೆರೆಯದ ಕ್ಲಿಪ್‌ಗಳಿದ್ದರೆ ಲ್ಯಾಬ್‌ಗೆ ಕೊಡುವ ಹೊತ್ತು. ಮೂಲ ಕಾರ್ಡ್ ಅನ್ನು ಕೈಯಾರೆ ಒಯ್ದು ರಸೀದಿ ಪಡೆಯಿರಿ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಸರಿಯಾದ ಕ್ಲಿಪ್ ಒಂದನ್ನು ಜೊತೆಗೆ ಕೊಡಿ. ಮುರಿದ ಫೈಲ್‌ನ ರಚನೆಯನ್ನು ಮತ್ತೆ ಕಟ್ಟಲು ಅದು ಮಾದರಿಯಾಗುತ್ತದೆ. ಸಿಗದಿದ್ದರೂ ಶುಲ್ಕ ಇದೆಯೇ, ಕೆಲಸ ಮುಗಿದ ಮೇಲೆ ಪ್ರತಿಗಳನ್ನು ಯಾವಾಗ ಅಳಿಸುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ, ಆ ಉತ್ತರವನ್ನು ಮನೆಯವರಿಗೂ ತೋರಿಸಿ.

ಹೇಳಿದ ಗುರುವಾರ ಬಂದಾಗ, ಹೇಳಲು ಏನೂ ಇಲ್ಲದಿದ್ದರೂ ಫೋನ್ ಮಾಡಿ ಎರಡು ಸಾಲು ಬರೆಯಲೇಬೇಕು:

> ನಮಸ್ಕಾರ ಸರ್. ಇಲ್ಲಿಯವರೆಗೆ ಧಾರೆ ಮತ್ತು ಮಾಂಗಲ್ಯಧಾರಣೆಯ ದೃಶ್ಯಗಳು ಸಿಕ್ಕಿವೆ, ಪೂರ್ತಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಸಪ್ತಪದಿಯ ಎರಡು ಕ್ಲಿಪ್‌ಗಳು ತೆರೆಯುತ್ತಿಲ್ಲ. ನೀವು ಒಪ್ಪಿದರೆ ನಾಳೆ ಕಾರ್ಡ್ ಅನ್ನು ಲ್ಯಾಬ್‌ಗೆ ಕೊಡುತ್ತೇನೆ. ಮುಂದಿನ ಮಂಗಳವಾರ ಮತ್ತೆ ತಿಳಿಸುತ್ತೇನೆ.

ಕೊನೆಯ ಸಂದೇಶ, ಹಣದ ಮಾತು

ಕೊನೆಯ ಸಂದೇಶದಲ್ಲಿ ಶಾಸ್ತ್ರದ ಹೆಸರು ಹಿಡಿದು ಲೆಕ್ಕ ಕೊಡಿ. ಮನೆಯವರು ಮದುವೆಯನ್ನು ನೆನಪಿಟ್ಟುಕೊಂಡಿರುವುದು ಹಾಗೆಯೇ.

> ಹತ್ತಿರದ ಕ್ಯಾಮೆರಾದ 110 ನಿಮಿಷಗಳಲ್ಲಿ 78 ನಿಮಿಷ ಮರಳಿ ಸಿಕ್ಕಿದೆ. ಜೀರಿಗೆ ಬೆಲ್ಲ, ಧಾರೆ, ಮಾಂಗಲ್ಯಧಾರಣೆ ಪೂರ್ತಿ ಇವೆ. ಸಪ್ತಪದಿಯ ಕೊನೆಯ ಭಾಗ ಸಿಕ್ಕಿಲ್ಲ, ಅಲ್ಲಿ ನಿಮ್ಮ ತಂಗಿಯವರು ಮೊಬೈಲ್‌ನಲ್ಲಿ ತೆಗೆದದ್ದನ್ನು ಬಳಸುತ್ತೇವೆ. ವರಪೂಜೆ, ಕಾಶಿಯಾತ್ರೆಗಳಿಗೆ ದೂರದ ಕ್ಯಾಮೆರಾ ಮತ್ತು ಫೋಟೊಗಳು ಮಾತ್ರ ಇರುತ್ತವೆ. ಎಡಿಟಿಂಗ್ ಮಾಡುವ ಮೊದಲು ಈ ಭಾಗಗಳನ್ನು ನಿಮಗೂ ಮಕ್ಕಳಿಗೂ ತೋರಿಸಲು ಬರುತ್ತೇನೆ.

ಹಣದ ವಿಷಯವನ್ನು ಈ ಭೇಟಿಯಲ್ಲಿ ಎದುರು ಕುಳಿತು ಮಾತನಾಡಿ. ಎಷ್ಟು ಬಿಡುತ್ತೀರಿ ಎಂದು ಅವರು ಕೇಳುವವರೆಗೆ ಕಾಯದೆ, ನೀವೇ ಒಂದು ಮೊತ್ತ ಹೇಳಿ, ಅದು ಯಾವ ಲೆಕ್ಕದಿಂದ ಬಂತು ಎಂದೂ ಹೇಳಿ. ನನ್ನ ಅಭಿಪ್ರಾಯದಲ್ಲಿ ಹೋದ ನಿಮಿಷಗಳ ಅನುಪಾತದಲ್ಲಿ ಕಳೆಯುವುದು ನ್ಯಾಯವಲ್ಲ. ಊಟದ ಸಾಲಿನ ಹತ್ತು ನಿಮಿಷವೂ ಸಪ್ತಪದಿಯ ಹತ್ತು ನಿಮಿಷವೂ ಮನೆಯವರಿಗೆ ಒಂದೇ ಬೆಲೆಯವಲ್ಲ. ಬೆಳಗಿನ ಮುಹೂರ್ತದ ಚಿತ್ರೀಕರಣಕ್ಕೆಂದು ತೆಗೆದುಕೊಂಡ ಮೊತ್ತವನ್ನು ಆಧಾರವಾಗಿಟ್ಟುಕೊಂಡು ಅದರಲ್ಲಿ ದೊಡ್ಡ ಭಾಗವನ್ನು ಬಿಡುವುದು ಸರಿಯೆನಿಸುತ್ತದೆ. ಉಚಿತ ಆಲ್ಬಂ, ಮೊದಲ ವರ್ಷದ ಚಿತ್ರೀಕರಣ ಇಂಥವನ್ನು ಹಣದ ಬದಲಿಗೆ ಕೊಡಲು ಹೋಗಬೇಡಿ. ಹಣ ಇತ್ಯರ್ಥವಾದ ಮೇಲೆ ಪ್ರೀತಿಯಿಂದ ಕೊಟ್ಟರೆ ಅದಕ್ಕೆ ಮರ್ಯಾದೆ. ಒಪ್ಪಿಕೊಂಡದ್ದನ್ನು ಅಂದೇ ಒಂದು ಸಾಲಿನಲ್ಲಿ ಬರೆದು ಕಳುಹಿಸಿ, ಅವರಿಂದ "ಸರಿ" ಎಂದು ಉತ್ತರ ಪಡೆಯಿರಿ.

ಆ ಕಾರ್ಡ್ ಅನ್ನು ಮಾತ್ರ ಇನ್ನೊಂದು ಮದುವೆಗೆ ಒಯ್ಯಬೇಡಿ. ಮನೆಯವರು ಅಂತಿಮ ವಿಡಿಯೊ ನೋಡಿ ಒಪ್ಪುವವರೆಗೆ ಕಾರ್ಡ್ ಮತ್ತು ಅದರ ಪ್ರತಿ ಎರಡೂ ನಿಮ್ಮಲ್ಲಿರಲಿ. ಆಮೇಲೆ ಕಾರ್ಡ್ ಅನ್ನು ಅವರ ಕೈಗೇ ಕೊಟ್ಟು, ನಿಮ್ಮಲ್ಲಿರುವ ಪ್ರತಿಯನ್ನು ಇಟ್ಟುಕೊಳ್ಳಬೇಕೋ ಅಳಿಸಬೇಕೋ ಎಂದು ಅವರನ್ನೇ ಕೇಳಿ.